ಪರಾಮರ್ಶಕರ ಅಭಿಪ್ರಾಯಗಳಿಗೆ ಉತ್ತರ

ಮಾನ್ಯ ಸಂಪಾದಕರಿಗೆ ವಂದನೆಗಳು.

ಕೆರೆಯ ಕೆಲಸಕ್ಕಾಗಿ ಕೊಡುತ್ತಿದ್ದ ಭೂದತ್ತಿಗಳನ್ನು ಕುರಿತ ‘ಕೋಲಾರ ಸೀಮೆಯ ಕೆರೆ ಶಾಸನಗಳಲ್ಲಿ ಬಿತ್ತುವಟ್ಟ ಮತ್ತು ಕಟ್ಟುಕೊಡಗೆ’ ಪ್ರಬಂಧವನ್ನು ಪರಿಷ್ಕರಿಸಿ ಕಳುಹಿಸುತ್ತಿದ್ದೇನೆ. ಪರಾಮರ್ಶಕರಿಬ್ಬರೂ ಅಡಿಟಿಪ್ಪಣಿಗಳನ್ನೂ ಬಿಡದೆ ಓದಿದ್ದಾರೆ. ಅವರಿಗೆ ಋಣಿಯಾಗಿದ್ದೇನೆ.

ಮೊದಲ ಪರಾಮರ್ಶಕರಿಗೆ

ಶಕವರ್ಷಕ್ಕೆ ಸುಮ್ಮನೆ 78 ಕೂಡಿಸಿದರೆ ಸಾಲದು, ಮಾಸವನ್ನೂ ನೋಡಬೇಕು ಎಂದಿದ್ದೀರಿ. ಒಪ್ಪಿದ್ದೇನೆ. ಮಾಘ, ಫಾಲ್ಗುಣಗಳ ಶಾಸನಗಳು ಸಾಮಾನ್ಯವಾಗಿ ಮುಂದಿನ ಕ್ರಿಸ್ತವರ್ಷಕ್ಕೆ ಸರಿಯುವುದರಿಂದ ಕೋಷ್ಟಕವನ್ನೇ ಹೊಸದಾಗಿ ಸಿದ್ಧಪಡಿಸಿದ್ದೇನೆ. ಸಂವತ್ಸರದ ಹೆಸರು ಶಕವರ್ಷಕ್ಕೆ ಹೊಂದದ ಎರಡು ಶಾಸನಗಳಿಗೆ ಇಸವಿ ಕೊಡದೆ ಶತಮಾನವನ್ನಷ್ಟೇ ಸೂಚಿಸಿದ್ದೇನೆ.

ಪೋರುಮಾಮಿಳ್ಳ ಶಾಸನದ ಲಕ್ಷಣಗಳನ್ನು ಇಟ್ಟುಕೊಂಡು ಕೋಲಾರದ ಕೆರೆಗಳನ್ನು ಅಳೆಯಬೇಕೆಂಬ ಸಲಹೆಯನ್ನು ಮಾತ್ರ, ಗೌರವದಿಂದಲೇ, ಒಪ್ಪಲಾರೆ. ಕಡಪ ಸೀಮೆಯ 1369ರ ಆ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ, ನಿಜ. ಆದರೆ ಅದು ಅರಸುಮನೆತನದವರು ಕಟ್ಟಿಸಿದ ದೊಡ್ಡ ಕೆರೆಯ ಮಾತು. ಕೆರೆ ಹೇಗಿರಬೇಕು ಎಂಬ ಶಾಸ್ತ್ರ. ನನ್ನ ಶಾಸನಗಳು ಊರಗೌಡರು ಏರಿ ಕಟ್ಟಿಸಿ, ತೂಬು ಇಡಿಸಿ, ಅದಕ್ಕಾಗಿ ಪಡೆದ ಗದ್ದೆಯ ಲೆಕ್ಕ ಹೇಳುತ್ತವೆ. ಆ ಶಾಸ್ತ್ರಕ್ಕೆ ಹೊಂದದ ಕೆರೆಯನ್ನು ದೋಷದ ಕೆರೆ ಎಂದರೆ ಅನ್ಯಾಯವಾದೀತು. ಹೋಲಿಕೆಗೆ ಒಂದು ಪ್ಯಾರಾ ಸೇರಿಸಿದ್ದೇನೆ, ಅಷ್ಟೇ.

ಎರಡನೆಯ ಪರಾಮರ್ಶಕರಿಗೆ

ಎಂಟನೆಯ ಶಾಸನದ ಮೂರನೆಯ ಸಾಲಿನ ಸವೆದ ಭಾಗವನ್ನು ‘ತೂಂಬಿಂಗೆ’ ಎಂದು ತುಂಬಿಕೊಳ್ಳಲು ಸೂಚಿಸಿದ್ದೀರಿ. ಓದು ಆಕರ್ಷಕವಾಗಿದೆ, ನನ್ನ ವಾದಕ್ಕೂ ಅನುಕೂಲವೇ. ಆದರೆ ಪಡಿಯಚ್ಚಿನಲ್ಲಿ ‘ಗೆ’ ಅಕ್ಷರದ ಹಿಂದೆ ಒಂದೇ ಅಕ್ಷರಕ್ಕೆ ಆಗುವಷ್ಟು ಜಾಗವಿದೆ, ಅಲ್ಲಿಯೂ ಕಲ್ಲು ಚಕ್ಕೆ ಎದ್ದಿದೆ. ಹಾಗಾಗಿ ಪಾಠವನ್ನು ತ್ರುಟಿತವೆಂದೇ ಉಳಿಸಿಕೊಂಡು, ನಿಮ್ಮ ಓದನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದೇನೆ. ಪಡಿಯಚ್ಚಿನ ಚಿತ್ರವನ್ನೂ ಲಗತ್ತಿಸಿದ್ದೇನೆ. ಓದುಗರೇ ನೋಡಿ ತೀರ್ಮಾನಿಸಲಿ.

ಕೆರೆಯ ನೀರು ಹಂಚುವ ನೀರುಗಂಟಿಗಳ ಸಂದರ್ಶನದ ಭಾಗ ಇತಿಹಾಸಕ್ಕೆ ಹೊರತು, ಕೈಬಿಡಿ ಎಂದಿದ್ದೀರಿ. ಅರ್ಧ ಒಪ್ಪಿದ್ದೇನೆ. ಇಂದಿನ ಸರದಿ ಪದ್ಧತಿ ವಿಜಯನಗರ ಕಾಲದಿಂದ ಹಾಗೆಯೇ ಬಂದಿದೆ ಎಂಬ ವಾಕ್ಯಕ್ಕೆ ಆಧಾರ ಸಾಲದು, ತೆಗೆದಿದ್ದೇನೆ. ಸಂದರ್ಶನಗಳನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ‘ತೂಬಿನ ಕೆಳಗಣ ಗದ್ದೆ’ ಎಂದು ಶಾಸನ ಗಡಿ ಹೇಳುವಾಗ ಅದು ಅಚ್ಚುಕಟ್ಟಿನ ಯಾವ ಭಾಗ, ನೀರು ಅಲ್ಲಿಗೆ ಮೊದಲು ತಲುಪುತ್ತದೆಯೋ ಕೊನೆಗೋ ಎಂಬುದು ಗ್ರಂಥಾಲಯದಲ್ಲಿ ಕುಳಿತು ತಿಳಿಯುವ ವಿಷಯವಲ್ಲ. ಕೆರೆ ಕಟ್ಟಿಸಿದವನಿಗೆ ಸಿಕ್ಕ ಗದ್ದೆಯ ಬೆಲೆ ನಿಂತಿರುವುದೇ ಅದರ ಮೇಲೆ. ಆ ಭಾಗವನ್ನು ಎರಡು ಪುಟಕ್ಕೆ ಇಳಿಸಿದ್ದೇನೆ.

ನಕ್ಷೆಗೆ ಅಳತೆಪಟ್ಟಿ ಸೇರಿದೆ, ಕಾಗುಣಿತ ತಿದ್ದಿದೆ.

ವಿಶ್ವಾಸದಿಂದ,
ಪ್ರಬಂಧದ ಲೇಖಕಿ