ಅಭಿಗೆ, ಅಮ್ಮ ಬರೆದದ್ದು

ದಾವಣಗೆರೆ
ಗುರುವಾರ ರಾತ್ರಿ

ಪ್ರೀತಿಯ ಅಭಿ,

ನಿನ್ನ ರೂಮಿನ ಲೈಟ್ ಆರಿದೆ. ಆದರೆ ನಿನಗೆ ನಿದ್ದೆ ಬಂದಿಲ್ಲ ಅಂತ ಗೊತ್ತು. ಮಂಚ ಕಿರುಗುಟ್ಟುವ ಸದ್ದು ಇಲ್ಲಿ ಹೊಲಿಗೆ ಮಷೀನ್ ಹತ್ತಿರಕ್ಕೂ ಕೇಳಿಸುತ್ತಿದೆ. ಮಂಗಳವಾರದಿಂದ ನೀನು ನನ್ನ ಮುಖ ನೋಡಿ ಮಾತಾಡಿಲ್ಲ. ಇವತ್ತು ಸಂಜೆ ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟೆ. ಎರಡು ಕಾಳು ಬಾಯಿಗೆ ಹಾಕಿಕೊಂಡು ಎದ್ದು ಹೋದೆ. ಎದುರು ಕೂತು ಮಾತಾಡಲು ಹೋದರೆ ನನಗೆ ಅಳು ಬರುತ್ತದೆ, ನೀನು ತಲೆ ತಗ್ಗಿಸುತ್ತೀಯ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು. ಇದರಲ್ಲಿ ಬೈಗುಳ ಇಲ್ಲ.

ಮಂಗಳವಾರ ಗಣಿತದ ಪ್ರಿಪರೇಟರಿ ಪರೀಕ್ಷೆಯ ದಿನ ಸ್ಕೂಲಿನಿಂದ ಫೋನ್ ಬಂದಾಗ ನಿನಗೆ ಏನೋ ಪೆಟ್ಟಾಗಿದೆ ಅಂದುಕೊಂಡೆ. ಆಟೋದಲ್ಲಿ ಕೂತವಳು ಪೂರ್ತಿ ದಾರಿ ದೇವರನ್ನು ಕೇಳಿಕೊಂಡೇ ಬಂದೆ. ಹೆಡ್‌ಮಾಸ್ಟರ್ ರೂಮಿನಲ್ಲಿ ನೀನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಕೈಕಾಲು ನೆಟ್ಟಗಿದ್ದವು. ಮೊದಲು ನನಗೆ ಆಗಿದ್ದು ಸಮಾಧಾನ, ಅಭಿ. ಆಮೇಲೆ ಮೇಜಿನ ಮೇಲಿದ್ದ ಚೀಟಿ ತೋರಿಸಿದರು.

ಆ ಚೀಟಿಯನ್ನು ಸರ್ ನನ್ನ ಕೈಗೆ ಕೊಟ್ಟರು. ಬಸ್ ಟಿಕೆಟ್‌ಗಿಂತ ಸ್ವಲ್ಪ ದೊಡ್ಡದು. ನಾಲ್ಕು ಮಡಿಕೆ ಹಾಕಿ ಕಂಪಾಸ್ ಬಾಕ್ಸಿನ ಅಡಿಗೆ ಇಟ್ಟಿದ್ದೆಯಂತೆ. ಅಷ್ಟು ಚಿಕ್ಕ ಕಾಗದದಲ್ಲೂ ನೀನು ಸ್ಕೇಲ್ ಇಟ್ಟು ಗೆರೆ ಹಾಕಿದ್ದೆ. ಒಂದೊಂದು ಪಾಠಕ್ಕೂ ಬೇರೆ ಬೇರೆ ಜಾಗ. ಮೇಲೆ ಸಮಾಂತರ ಶ್ರೇಢಿಯ ಸೂತ್ರ, Sn = n/2 [2a + (n − 1)d]. ಅದರ ಕೆಳಗೆ ಥೇಲ್ಸ್ ಪ್ರಮೇಯದ ಸಾಧನೆ, ಇರುವೆ ಸಾಲಿನ ಹಾಗೆ. ಮೂಲೆಯಲ್ಲಿ sin 30° = 1/2.

ಅದನ್ನು ನೋಡಿ ನನ್ನ ಕಣ್ಣು ಅಲ್ಲೇ ನಿಂತಿತು.

ದಸರಾ ರಜೆಯಲ್ಲಿ ನಾನು ಬ್ಲೌಸಿಗೆ ಕೈ ಹೊಲಿಗೆ ಹಾಕುತ್ತಾ ಕೂತಿದ್ದೆ. ನೀನು ಬಂದು ನನ್ನ ಎಡಗೈ ಹಿಡಿದುಕೊಂಡೆ. "ಅಮ್ಮಾ, ನಿನ್ ಕೈಯಲ್ಲೇ ಟೇಬಲ್ ಇದೆ, ನೋಡು" ಅಂದೆ. ಕಿರುಬೆರಳು ಸೊನ್ನೆ ಡಿಗ್ರಿ, ಉಂಗುರದ ಬೆರಳು ಮೂವತ್ತು, ಆಮೇಲೆ ನಲವತ್ತೈದು, ಅರವತ್ತು, ಹೆಬ್ಬೆರಳು ತೊಂಬತ್ತು. ಉಂಗುರದ ಬೆರಳು ಮಡಚಿದೆ. "ಈ ಕಡೆ ಎಷ್ಟು ಬೆರಳು ಉಳೀತು? ಒಂದು. ಒಂದರ ವರ್ಗಮೂಲ ಒಂದು. ಎರಡರಿಂದ ಭಾಗಿಸು. ಅರ್ಧ!" ನನಗೆ ಸೈನ್ ಅಂದರೇನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಮೂವತ್ತಕ್ಕೆ ಅರ್ಧ ಅನ್ನುವುದು ಮರೆತಿಲ್ಲ. ಹೇಳಿಕೊಟ್ಟ ನೀನೇ ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ.

ಬರದೇ ಇರುವುದನ್ನು ಬರೆದುಕೊಂಡು ಹೋಗಿದ್ದರೆ ಓದಿಲ್ಲ ಅಂದುಕೊಳ್ಳುತ್ತಿದ್ದೆ. ಬರುವುದನ್ನೂ ಬರೆದುಕೊಂಡಿದ್ದೀಯ ಅಂದರೆ ನಿನಗೆ ಎಷ್ಟು ಭಯ ಇತ್ತು ಅಂತ ಆಗ ಅರ್ಥ ಆಯಿತು.

ತಪ್ಪನ್ನು ತಪ್ಪು ಅಂತಲೇ ಹೇಳುತ್ತೇನೆ. ನೀನು ಕಾಪಿ ಹೊಡೆಯಲು ಹೋಗಿದ್ದು ತಪ್ಪು. ನಿನ್ನ ಕ್ಲಾಸಿನಲ್ಲಿ ಮನೆಮನೆಗೆ ಹಾಲು ಹಾಕಿ ಬಂದು ಓದುವ ಹುಡುಗರಿದ್ದಾರೆ. ಅವರು ಬರದ ಲೆಕ್ಕವನ್ನು ಬಿಟ್ಟು, ಕಡಿಮೆ ಮಾರ್ಕ್ಸ್ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅವರ ಪಕ್ಕದಲ್ಲಿ ಕೂತು ನೀನು ಹಾಗೆ ಮಾಡಬಾರದಿತ್ತು. ಇದನ್ನು ನಾನು ಮೃದು ಮಾಡಿ ಹೇಳಿದರೆ ನಿನಗೇ ನನ್ನ ಮಾತಿನ ಮೇಲೆ ನಂಬಿಕೆ ಹೋಗುತ್ತದೆ.

ಇದರಲ್ಲಿ ನನ್ನ ಪಾಲೂ ಇದೆ. ಅದನ್ನೂ ಹೇಳಬೇಕು.

ಗಣಿತದ ಸರ್ ಅವತ್ತೇ ಇನ್ನೊಂದು ವಿಷಯ ಹೇಳಿದರು. ಮೊದಲ ಪ್ರಿಪರೇಟರಿಯಲ್ಲಿ ನಿನಗೆ 80ಕ್ಕೆ 23 ಬಂದಿತ್ತಂತೆ. ಮನೆಯಲ್ಲಿ ತೋರಿಸಿ ಸಹಿ ಹಾಕಿಸಿಕೊಂಡು ಬಾ ಅಂದಿದ್ದರಂತೆ. ನೀನು ಪೇಪರ್ ಇನ್ನೂ ಕೊಟ್ಟಿಲ್ಲ ಅಂದಿದ್ದೆ. ನಾನೂ ನಂಬಿ ಸುಮ್ಮನಾಗಿದ್ದೆ. ಮೂರು ವಾರ ಆ 23ನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ದೀಯಲ್ಲ ಕಂದ.

ಯಾಕೆ ತೋರಿಸಲಿಲ್ಲ ಅಂತ ಕೇಳುವ ಮೊದಲು ಅಡುಗೆಮನೆ ಗೋಡೆ ನೋಡಿದೆ. ಕ್ಯಾಲೆಂಡರಿನ ಮೇಲೆ ನಾನೇ ಕೆಂಪು ಸ್ಕೆಚ್ ಪೆನ್ನಿನಲ್ಲಿ 580 ಅಂತ ಬರೆದಿಟ್ಟಿದ್ದೇನೆ. ನಿನ್ನನ್ನು ಒಂದು ಮಾತು ಕೇಳಿ ಬರೆದದ್ದಲ್ಲ. ದೊಡ್ಡಮ್ಮನ ಮಗಳು 625ಕ್ಕೆ 612 ತೆಗೆದಾಗಿನಿಂದ ನನ್ನ ತಲೆಯಲ್ಲಿ ಅದೇ ಕೂತಿತ್ತು. ಬ್ಲೌಸ್ ಹೊಲಿಸಲು ಬಂದವರಿಗೆಲ್ಲ "ನಮ್ ಅಭಿದೂ ಈ ವರ್ಷ ಎಸ್ಸೆಸ್ಸೆಲ್ಸಿ, ಸೈನ್ಸ್ ತಗೋತಾನೆ" ಅಂತ ಹೇಳಿದ್ದೇ ಹೇಳಿದ್ದು. ನೀನು ಪಕ್ಕದ ರೂಮಿನಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಅರ್ಧವಾರ್ಷಿಕದಲ್ಲಿ ಮಾರ್ಕ್ಸ್ ಕಡಿಮೆ ಬಂದಾಗ ನಾನು ಬೈಯಲಿಲ್ಲ, ಆದರೆ ಒಂದು ದಿನ ಪೂರ್ತಿ ಮಾತು ಬಿಟ್ಟೆ. ಅದು ಬೈಗುಳಕ್ಕಿಂತ ಜಾಸ್ತಿ ಆಯಿತು ಅಲ್ವಾ? ಅಂಥ ಮನೆಗೆ 23 ತೆಗೆದುಕೊಂಡು ಬರುವುದು ಹೇಗೆ ಅಂತ ನಿನಗೆ ಅನ್ನಿಸಿರಬೇಕು. ಅದಕ್ಕೆ ನನ್ನನ್ನು ಕ್ಷಮಿಸು. ಆ ಹಾಳೆಯನ್ನು ಇವತ್ತು ಹರಿದು ಹಾಕಿದೆ.

ಇನ್ನೂ ಒಂದು ಇದೆ. ಇದನ್ನು ಬರೆಯಲು ನನಗೆ ಕಷ್ಟ ಆಗುತ್ತಿದೆ.

ಮಂಗಳವಾರ ರಾತ್ರಿ ಅಪ್ಪ ಬೆಂಗಳೂರು ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದರು. ಡ್ಯೂಟಿಯಲ್ಲಿದ್ದರೂ ನಿನ್ನ ಪರೀಕ್ಷೆ ನೆನಪಿಟ್ಟುಕೊಂಡಿದ್ದರು. "ಅಭಿ ಹೇಗ್ ಬರೆದನಂತೆ?" ಅಂತ ಕೇಳಿದರು. "ಚೆನ್ನಾಗೇ ಬರೆದನಂತೆ" ಅಂದುಬಿಟ್ಟೆ. ಯೋಚನೆ ಕೂಡ ಮಾಡಲಿಲ್ಲ. ಬಾಯಿಗೆ ತಾನಾಗೇ ಬಂತು. ಫೋನ್ ಇಟ್ಟ ಮೇಲೆ ಕೈ ನಡುಗಿತು. ಮಗ ಚೀಟಿ ಇಟ್ಟುಕೊಂಡಿದ್ದ ಅಂತ ಮಧ್ಯಾಹ್ನ ಅತ್ತವಳು ನಾನೇ. ರಾತ್ರಿ ಸುಳ್ಳು ಹೇಳಿದವಳೂ ನಾನೇ. ಅಪ್ಪನಿಗೆ ಬೇಜಾರಾಗಬಾರದು, ಅಷ್ಟು ದೂರ ಬಸ್ ಓಡಿಸಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿನಗೂ ಹೀಗೇ ಆಗಿರಬೇಕು ಅನ್ನಿಸಿತು. ಅಮ್ಮನಿಗೆ ಬೇಜಾರಾಗಬಾರದು ಅಂತ.

ಬೆಳಗ್ಗೆ ಅವರು ಡ್ಯೂಟಿ ಮುಗಿಸಿದ ಮೇಲೆ ನಾನೇ ಫೋನ್ ಮಾಡಿ ನಿಜ ಹೇಳಿದೆ. ನಾನು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಹಿಂದೆ ಬಸ್ಸುಗಳ ಸದ್ದು, ಕಂಡಕ್ಟರ್ ಯಾರೋ ತುಮಕೂರು ತುಮಕೂರು ಅಂತ ಕೂಗುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ಕೇಳಿದ್ದು ಒಂದೇ ಮಾತು. "ಅವನು ಊಟ ಮಾಡಿದ್ನಾ?" ಇಲ್ಲ ಅಂದೆ. "ಮೊದಲು ಊಟ ಮಾಡಿಸು, ನಾನು ಶನಿವಾರ ಬರ್ತೀನಿ" ಅಂದರು. ಅಪ್ಪನಿಗೆ ಗೊತ್ತಾದರೆ ಏನು ಗತಿ ಅಂತ ನೀನು ಹೆದರುತ್ತಿದ್ದರೆ, ಗೊತ್ತಾಗಿ ಒಂದು ದಿನ ಆಯಿತು.

ಈಗ ಮುಂದಿನ ಮಾತು. ಆ ಪೇಪರಿಗೆ ಸೊನ್ನೆ ಕೊಟ್ಟಿದ್ದಾರೆ. ಅದನ್ನು ತೆಗೆಸಿ ಅಂತ ನಾನು ಯಾರ ಹತ್ತಿರವೂ ಹೋಗುವುದಿಲ್ಲ. ಸೊನ್ನೆ ನ್ಯಾಯವಾಗಿಯೇ ಬಂದಿದೆ. ಕ್ಷಮಾಪಣೆ ಪತ್ರವನ್ನೂ ನೀನೇ ಬರೆಯಬೇಕು. ನಾನು ಹೇಳಿ ಬರೆಸುವುದಿಲ್ಲ, ತಿದ್ದುವುದೂ ಇಲ್ಲ. ಸೋಮವಾರ ನೀನೇ ಸರ್ ಕೈಗೆ ಕೊಡು. ನಾನು ಗೇಟಿನ ತನಕ ಬರುತ್ತೇನೆ, ಬೇಕಾದರೆ.

ಪ್ರಿಪರೇಟರಿ ಮಾರ್ಕ್ಸ್ ಬೋರ್ಡ್ ಮಾರ್ಕ್ಸ್‌ಗೆ ಸೇರುವುದಿಲ್ಲ ಅಂತ ಸರ್ ಹೇಳಿದರು. ಇದೇ ಕೆಲಸ ಬೋರ್ಡ್ ಪರೀಕ್ಷೆಯಲ್ಲಿ ಆಗಿದ್ದರೆ ಡಿಬಾರ್ ಆಗುತ್ತಿದ್ದೆ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇದೆ, ವೆಬ್‌ಕಾಸ್ಟಿಂಗ್ ಇದೆ, ನಿನಗೂ ಗೊತ್ತು. ಹೆದರಿಸಲು ಹೇಳುತ್ತಿಲ್ಲ. ಈಗಲೇ ಸಿಕ್ಕಿಬಿದ್ದಿದ್ದು ನಮ್ಮ ಪುಣ್ಯ ಅಂತ ನನಗೆ ನಿಜವಾಗಿ ಅನ್ನಿಸುತ್ತಿದೆ. ಅದೇ ವರ್ಷದಿಂದ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಕೂಡ ಬಂದಿದೆಯಲ್ಲ. ಯಾವುದರಲ್ಲಿ ಜಾಸ್ತಿ ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ಮೊದಲ ಸಲ ಗಣಿತ ಕೈಕೊಟ್ಟರೆ ಇನ್ನೊಂದು ಸಲ ಬರೆದರಾಯಿತು. ಅದಕ್ಕೆ ಈ ಮನೆಯಲ್ಲಿ ಯಾರೂ ಮಾತು ಬಿಡುವುದಿಲ್ಲ. ಇದು ನನ್ನ ಮಾತು.

ಆ ಚೀಟಿ ಬರೆಯಲು ಐಡಿಯಾ ಯಾರು ಕೊಟ್ಟರು ಅಂತ ಹೆಡ್‌ಮಾಸ್ಟರ್ ಕೇಳಿದರು. ನೀನು ಬಾಯಿ ಬಿಡಲಿಲ್ಲ. ನಾನೂ ಕೇಳುವುದಿಲ್ಲ. ಬರೆದವನು ನೀನು, ಅಷ್ಟು ಸಾಕು. ಸ್ಕೂಲಿನಲ್ಲಿ ಒಂದಷ್ಟು ದಿನ ಮಾತು ಬರುತ್ತದೆ. ಯಾರಾದರೂ ಕಿಚಾಯಿಸಿದರೆ ಜಗಳಕ್ಕೆ ಹೋಗಬೇಡ. "ಹೌದು, ತಪ್ಪು ಮಾಡಿದೆ" ಅಂತ ಹೇಳಿ ಮುಂದೆ ಹೋಗು. ಅಜ್ಜಿಗೆ ನಾನು ಹೇಳಿಲ್ಲ. ಹೇಳಬೇಕು ಅನ್ನಿಸಿದರೆ ನೀನೇ ಹೇಳು.

ಗಣಿತದ ಸರ್ ಬಗ್ಗೆ ಸಿಟ್ಟು ಇಟ್ಟುಕೊಳ್ಳಬೇಡ. ಅವರು ನಿನ್ನ ಉತ್ತರ ಪತ್ರಿಕೆ ನನಗೆ ತೋರಿಸಿದರು. ಚೀಟಿ ಸಿಗುವ ಮೊದಲು ನೀನು ಬರೆದಿದ್ದ ಮೊದಲ ಎಂಟು ಪ್ರಶ್ನೆಗಳಲ್ಲಿ ಆರು ಸರಿ ಇದ್ದವು. "ಇವು ಚೀಟಿಯಲ್ಲಿ ಇರಲೇ ಇಲ್ಲಮ್ಮ, ಅವನೇ ಮಾಡಿದ್ದು" ಅಂದರು. ಆ ಮಾತನ್ನು ಅವರು ಹೇಳಲೇಬೇಕು ಅಂತ ಇರಲಿಲ್ಲ. ಸೋಮವಾರದಿಂದ ಸಂಜೆ ಸ್ಕೂಲ್ ಬಿಟ್ಟ ಮೇಲೆ ಒಂದು ಗಂಟೆ ಇರಲಿ, ಗ್ರಾಫ್ ಮತ್ತು ಪ್ರಮೇಯ ಕೂರಿಸಿಕೊಂಡು ಹೇಳಿಕೊಡುತ್ತೇನೆ ಅಂದಿದ್ದಾರೆ. ಹೋಗು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳು. ಪೂರ್ತಿ ಪಾಠವೇ ಗೊತ್ತಿಲ್ಲದಿದ್ದರೆ ಪೂರ್ತಿ ಪಾಠ ಗೊತ್ತಿಲ್ಲ ಅನ್ನು.

ರಾತ್ರಿ ಒಂಬತ್ತರ ಮೇಲೆ ನಾನು ಮಷೀನ್ ನಿಲ್ಲಿಸುತ್ತೇನೆ. ಅದರ ಸದ್ದಿಗೆ ಓದಲು ಆಗಲ್ಲ ಅಂತ ನೀನು ಒಂದು ಸಲ ಹೇಳಿದ್ದೆ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಇನ್ನು ಆ ಹೊತ್ತಿನಲ್ಲಿ ಗುಂಡಿ ಹಚ್ಚುವುದು, ಹುಕ್ಕು ಹಾಕುವುದು ಮಾಡುತ್ತೇನೆ. ನಿನ್ನ ಪಕ್ಕದಲ್ಲೇ ಕೂತು. ಥೇಲ್ಸ್ ಪ್ರಮೇಯವನ್ನು ನನಗೆ ಹೇಳಿಕೊಡು. ಸೈನ್ ಮೂವತ್ತು ಕಲಿತಿದ್ದೇನೆ, ಇದನ್ನೂ ಕಲಿಯುತ್ತೇನೆ.

ಮೊದಲ ಪ್ರಿಪರೇಟರಿಯ ಆ 23ರ ಪೇಪರನ್ನು ಎಲ್ಲಿಟ್ಟಿದ್ದೀಯೋ ನಾನು ಹುಡುಕಿಲ್ಲ. ಬೆಳಗ್ಗೆ ಎದ್ದು ಅದನ್ನು ತಂದು ನನ್ನ ಮಷೀನ್ ಮೇಲೆ ಇಡು. ಸಹಿ ಹಾಕಿ ಕೊಡುತ್ತೇನೆ.

ನಿನ್ನ
ಅಮ್ಮ