ಟೆಮ್-1 ಬೀಟಾ-ಲ್ಯಾಕ್ಟಮೇಸ್‌ನಲ್ಲಿ 166ನೇ ಗ್ಲುಟಮೇಟ್‌ನ ಕೆಲಸವೇನು? ಮ್ಯುಟೇಶನ್ ಯೋಜನೆ

ಪೆನಿಸಿಲಿನ್ ಮುರಿಯುವಾಗ ಈ ಎಂಜೈಮ್ ಎರಡು ಹೆಜ್ಜೆ ಇಡುತ್ತದೆ. ಮೊದಲು 70ನೇ ಸೆರಿನ್ ಔಷಧದ ಉಂಗುರವನ್ನು ಒಡೆದು, ಅದಕ್ಕೆ ತಾನೇ ಅಂಟಿಕೊಳ್ಳುತ್ತದೆ. ಆಮೇಲೆ ಒಂದು ನೀರಿನ ಅಣು ಬಂದು ಆ ಅಂಟನ್ನು ಬಿಡಿಸುತ್ತದೆ. ಆ ನೀರನ್ನು ಚುರುಕುಗೊಳಿಸುವುದು 166ನೇ ಗ್ಲುಟಮೇಟ್ ಎಂಬುದು ನಾವು ಪರೀಕ್ಷಿಸುವ ಮಾತು. ಇಲ್ಲಿ ಆಸ್ಪರಜಿನ್ ಹಾಕಿದಾಗ ಪೆನಿಸಿಲಿನ್-ಜಿ ಎಂಜೈಮಿಗೆ ಅಂಟಿಯೇ ಉಳಿದಿದ್ದನ್ನು 1992ರ ಸ್ಫಟಿಕ ರಚನೆ ತೋರಿಸಿದೆ. ಆದರೆ ಬೇಕಿರುವುದು ಚಾರ್ಜೋ, ಜಾಗವೋ? ಅದನ್ನು ಬಿಡಿಸಿ ನೋಡಲು ಮೂರು ಬದಲಾವಣೆ ಮಾಡುತ್ತೇವೆ. ಅಲನಿನ್‌ನಲ್ಲಿ ಚಾರ್ಜ್ ಹೊರುವ ಗುಂಪೇ ಇರುವುದಿಲ್ಲ. ಗ್ಲುಟಮಿನ್‌ನಲ್ಲಿ ಗಾತ್ರ ಇದೆ, ಚಾರ್ಜ್ ಇಲ್ಲ. ಆಸ್ಪರ್ಟೇಟ್‌ನಲ್ಲಿ ಚಾರ್ಜ್ ಇದೆ, ಕೈ ಒಂದು ಕಾರ್ಬನ್ ಗಿಡ್ಡ.

ಖುಷಿಯ ವಿಷಯ ಅಂದ್ರೆ, ಮೂರಕ್ಕೂ ಒಂದೊಂದೇ ಅಕ್ಷರ ಬದಲಿಸಿದರೆ ಸಾಕು:

```
E166A  CGCCTTGATCGTTGGGCACCGGAGCTGAATGAAGC
E166Q  CGCCTTGATCGTTGGCAACCGGAGCTGAATGAAGC
E166D  CGCCTTGATCGTTGGGATCCGGAGCTGAATGAAGC
```

ರಿವರ್ಸ್ ಪ್ರೈಮರ್ ಇವುಗಳ ಹಿಮ್ಮುಖ ಪೂರಕ ಸರಣಿ. ಪಿಸಿಆರ್ ಆದಮೇಲೆ ಡಿಪಿಎನ್-1 ಹಾಕಿ ಹಳೆ ಟೆಂಪ್ಲೇಟ್ ಕತ್ತರಿಸಬೇಕು. ಅದು ಮಿಥೈಲ್ ಇರುವ ಡಿಎನ್‌ಎಯನ್ನು ಮಾತ್ರ ಕತ್ತರಿಸುತ್ತದೆ, ಹಾಗಾಗಿ ಟೆಂಪ್ಲೇಟನ್ನು ಡಿಎಚ್5-ಆಲ್ಫಾದಿಂದಲೇ ತೆಗೆಯಿರಿ. ಕ್ಲೋನ್‌ನಲ್ಲಿ ಇಡೀ ಜೀನ್ ಸೀಕ್ವೆನ್ಸ್ ಮಾಡಿಸಿ, ಬದಲಿಸಿದ ಜಾಗ ಮಾತ್ರ ನೋಡಿದರೆ ಸಾಲದು.

ಜಾಸ್ತಿ ಎಚ್ಚರ ಬೇಕಿರುವುದು ಇಲ್ಲಿ. ಆಂಪಿಸಿಲಿನ್ ಮಾರ್ಕರ್ ಇರುವ ವೆಕ್ಟರ್ ಬಳಸಲೇಬೇಡಿ. ಆ ಮಾರ್ಕರ್ ಜೀನ್ ಸಾಮಾನ್ಯವಾಗಿ ಇದೇ ಎಂಜೈಮಿನದ್ದು! ಕನಾಮೈಸಿನ್ ಮಾರ್ಕರ್ ಇರುವ ಪೆಟ್-26ಬಿ ನಮಗೆ ಸರಿ. ಮೂಲ ಎಂಜೈಮ್ ಸೆಕೆಂಡಿಗೆ ಸಾವಿರದ ಆಸುಪಾಸು ಅಣು ಮುರಿಯುತ್ತದೆ. ಸಾವಿರದಲ್ಲಿ ಒಂದು ಪಾಲು ಅದು ಸೇರಿದರೂ ಸತ್ತ ಮ್ಯುಟೆಂಟ್ ಬದುಕಿದಂತೆ ಕಾಣುತ್ತದೆ. ಆದ್ದರಿಂದ ಮ್ಯುಟೆಂಟ್‌ಗಳಿಗೆ ಹೊಸ ಕಾಲಮ್, ಹೊಸ ಡಯಾಲಿಸಿಸ್ ಟ್ಯೂಬ್. ಶುದ್ಧೀಕರಣದಲ್ಲಿ ಮೂಲ ಎಂಜೈಮಿಗೆ ಕೊನೆಯ ಸರದಿ.

ಅಳತೆಗೆ ನೈಟ್ರೋಸೆಫಿನ್ ಬಳಸುತ್ತೇವೆ. ಉಂಗುರ ಒಡೆದರೆ ಹಳದಿ ಕೆಂಪಾಗುತ್ತದೆ, 486 ನ್ಯಾನೋಮೀಟರ್‌ನಲ್ಲಿ ಓದಬಹುದು. 5 ಮೈಕ್ರೋಮೋಲಾರ್ ಅಲನಿನ್ ಮ್ಯುಟೆಂಟ್‌ಗೆ 100 ಮೈಕ್ರೋಮೋಲಾರ್ ನೈಟ್ರೋಸೆಫಿನ್ ಹಾಕಿ. ನಮ್ಮ ಊಹೆ ಸರಿಯಿದ್ದರೆ ಬಣ್ಣದ ಅಬ್ಸಾರ್ಬನ್ಸ್ ಸುಮಾರು 0.1 ಏರಿ ಅಲ್ಲೇ ತಡೆಯಬೇಕು, ಅಂದರೆ ಒಂದು ಎಂಜೈಮಿಗೆ ಒಂದು ಅಣು. ಈ ಮೊದಲ ಜಿಗಿತವೇ ನನಗೆ ಎಲ್ಲಕ್ಕಿಂತ ಮುಖ್ಯ. ವೇಗ ಬಿದ್ದುಹೋಯಿತು ಎಂದರೆ ಯಾವ ಹೆಜ್ಜೆ ಕುಂಟಿತು ಎಂದು ತಿಳಿಯುವುದಿಲ್ಲ ಅಲ್ವಾ? ಜಿಗಿತ ಇದ್ದರೆ ಅಂಟುವ ಹೆಜ್ಜೆ ಆಗಿದೆ, ಬಿಡಿಸುವುದು ನಿಂತಿದೆ. ಪೆನಿಸಿಲಿನ್-ಜಿ ಜೊತೆ ಇಟ್ಟು ಮಾಸ್ ಸ್ಪೆಕ್ಟ್ರೋಮೆಟ್ರಿ ಮಾಡಿ: ತೂಕ 334 ಡಾಲ್ಟನ್ ಏರಿರಬೇಕು.

ಜಿಗಿತವೇ ಇಲ್ಲದಿದ್ದರೆ ಪ್ರೋಟೀನ್ ಮಡಿಕೆ ಕೆಟ್ಟಿರಬಹುದು. 166 ಇರುವುದು ಒಮೆಗಾ ಕುಣಿಕೆಯಲ್ಲಿ, ಅದು ಸುಲಭವಾಗಿ ಸಡಿಲವಾಗುತ್ತದೆ. ಹಾಗಾಗಿ ನಾಲ್ಕೂ ಪ್ರೋಟೀನಿನ ಸಿಡಿ ಸ್ಪೆಕ್ಟ್ರಮ್ ಮತ್ತು ಕರಗುವ ತಾಪ ಮೊದಲೇ ಅಳೆಯಿರಿ. ಮಡಿಕೆ ಸರಿಯಿದ್ದೂ ಜಿಗಿತ ಕಾಣದಿದ್ದರೆ, ಅಂಟುವ ಹೆಜ್ಜೆಗೂ ಗ್ಲುಟಮೇಟ್ ಬೇಕೆಂದು ಸಂಶಯಪಡಬೇಕು. ಆಗ ಸ್ಟಾಪ್ಡ್-ಫ್ಲೋ ಯಂತ್ರದಲ್ಲಿ ಅದೊಂದೇ ಹೆಜ್ಜೆಯ ವೇಗ ಅಳೆಯುತ್ತೇವೆ. ಆಸ್ಪರ್ಟೇಟ್‌ನಲ್ಲಿ ವೇಗ ಸ್ವಲ್ಪವಾದರೂ ಮರಳಿ, ಗ್ಲುಟಮಿನ್‌ನಲ್ಲಿ ಏನೂ ಬಾರದಿದ್ದರೆ ಬೇಕಿರುವುದು ಚಾರ್ಜೇ.