ಮೇಲಿನ ಮನೆಯ ಬಾಡಿಗೆ ಬಾಕಿ ವಿಚಾರ

ಎಸ್.ಐ.ಟಿ. ಬಡಾವಣೆ, ತುಮಕೂರು
14 ಅಕ್ಟೋಬರ್ 2025, ಮಂಗಳವಾರ

ಶ್ರೀ ಮಂಜುನಾಥ್ ಅವರಿಗೆ,
ಮೊದಲನೇ ಮಹಡಿ

ನಮಸ್ಕಾರ.

ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಇದ್ದುಕೊಂಡು ಕಾಗದ ಬರೆಯುತ್ತಾರಲ್ಲ ಅಂತ ನಿಮಗೆ ಅನ್ನಿಸಬಹುದು. ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿ ದುಡ್ಡಿನ ಮಾತಾಡುವುದು, ಅದೂ ಮಗು ಸ್ಕೂಲ್ ಬ್ಯಾಗ್ ಹಿಡಿದು ಪಕ್ಕದಲ್ಲಿ ನಿಂತಿರುವಾಗ, ನನಗೆ ಸರಿಬರುವುದಿಲ್ಲ. ಫೋನ್ ಮಾಡಿದರೆ ನೀವು ಡ್ಯೂಟಿಯಲ್ಲಿರುತ್ತೀರಿ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಓದಿದ್ದೀರಿ ಅಂತ ನೀಲಿ ಗುರುತು ತೋರಿಸುತ್ತಿದೆ, ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದು ಕೊಡುತ್ತಿದ್ದೇನೆ. ಸಾವಕಾಶವಾಗಿ ಓದಿ, ಮನೆಯವರಿಗೂ ತೋರಿಸಿ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬಾಡಿಗೆ 11,550, ನೀರಿಗೆ 250, ಒಟ್ಟು 11,800 ರೂಪಾಯಿ. ಕರಾರಿನ ಪ್ರಕಾರ ಆಯಾ ತಿಂಗಳ 5ನೇ ತಾರೀಖಿನೊಳಗೆ ಕೊಡಬೇಕು. ಸೆಪ್ಟೆಂಬರ್‌ನಲ್ಲಿ 12ರಂದು 5,000, 17ರಂದು 4,000, 23ರಂದು 2,550 ಅಂತ ಮೂರು ಸಲ ಬಂತು. ನೀರಿನ 250 ಹಾಗೇ ಉಳಿಯಿತು. ಅಕ್ಟೋಬರ್‌ದು ಇವತ್ತಿನವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಅಲ್ಲಿಗೆ ನೀವು ಈಗ ಕೊಡಬೇಕಾದದ್ದು 12,050 ರೂಪಾಯಿ. ಕರೆಂಟ್ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿರುವುದರಿಂದ ಅದರದೇನೂ ತಕರಾರಿಲ್ಲ. ನಿಮ್ಮ ಲೆಕ್ಕ ಇದಕ್ಕಿಂತ ಬೇರೆ ಇದ್ದರೆ ಫೋನ್‌ಪೇ ತೆಗೆದು ತೋರಿಸಿ, ಕೂತು ತಾಳೆ ನೋಡೋಣ.

ಸೆಪ್ಟೆಂಬರ್‌ದು ತಡವಾದಾಗ ನಾನು ಏನೂ ಅಂದಿರಲಿಲ್ಲ. ಗೌರಿ-ಗಣೇಶ ಈಗಷ್ಟೇ ಕಳೆದಿದೆ, ಮಗಳ ಸ್ಕೂಲ್ ಫೀಸಿನ ಎರಡನೇ ಕಂತೂ ಅದೇ ತಿಂಗಳು ಅಂತ ನೀವೇ ಹೇಳಿದ್ದಿರಿ. ಸಂಸಾರಸ್ಥರಿಗೆ ಇಂಥದ್ದೆಲ್ಲ ಇದ್ದದ್ದೇ. 2024ರ ಏಪ್ರಿಲ್‌ನಲ್ಲಿ ನೀವು ಬಂದಾಗಿನಿಂದ ಈ ಆಗಸ್ಟ್‌ವರೆಗೆ ಒಂದು ತಿಂಗಳೂ ನಾನು ಬಾಯಿಬಿಟ್ಟು ಕೇಳುವ ಪ್ರಸಂಗ ಬಂದಿರಲಿಲ್ಲ. ಆದರೆ ಒಂದು ತಿಂಗಳ ತಡ ಎರಡನೇ ತಿಂಗಳಿಗೂ ಬಂತು ಅಂದರೆ ಅದೇ ರೂಢಿಯಾಗುತ್ತದೆ. ನನಗಿರುವ ಹೆದರಿಕೆ ಅದು.

ನನ್ನ ಕಡೆಯ ವಿಚಾರವೂ ನಿಮಗೆ ಗೊತ್ತಿರಲಿ. ಊರಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟವನಿಗೆ ದುಡ್ಡಿನ ತಾಪತ್ರಯ ಏನು ಅಂತ ಜನ ತಿಳಿದುಕೊಂಡಿರುತ್ತಾರೆ. ನನ್ನದು ಎರಡಲ್ಲ, ನೀವಿರುವ ಒಂದೇ ಮನೆ. ನಾನು ವಾಚ್ ಫ್ಯಾಕ್ಟರಿಯಲ್ಲಿ ದುಡಿದು ಬಂದವನು. ಸರ್ಕಾರಿ ನೌಕರರ ಹಾಗೆ ದೊಡ್ಡ ಪಿಂಚಣಿ ಇಲ್ಲ. ಪಿ.ಎಫ್. ಕಡೆಯಿಂದ ಬರುವ ಪಿಂಚಣಿ ನಮ್ಮಿಬ್ಬರ ಬಿ.ಪಿ., ಶುಗರ್ ಮಾತ್ರೆಗೆ ಸರಿಹೋಗುತ್ತದೆ. ಮೇಲಿನ ಮನೆ ಕಟ್ಟಿದ್ದು ಬ್ಯಾಂಕ್ ಸಾಲದಲ್ಲಿ. ಅದರ ಕಂತು 9,480 ಪ್ರತಿ ತಿಂಗಳು 10ನೇ ತಾರೀಖು ಖಾತೆಯಿಂದ ತಾನಾಗಿಯೇ ಕಟ್ಟಾಗುತ್ತದೆ. ಭಾನುವಾರ, ಹಬ್ಬ, ಹುಣ್ಣಿಮೆ ಅಂತ ಅದೇನೂ ನೋಡುವುದಿಲ್ಲ. ನಿಮ್ಮ ಬಾಡಿಗೆ 5ಕ್ಕೆ ಬಂದರೆ 10ಕ್ಕೆ ಕಂತು ಹೋಗುತ್ತದೆ, ಈ ಮನೆಯ ಲೆಕ್ಕವೇ ಹಾಗೆ ಕೂತಿರುವುದು. ಸೆಪ್ಟೆಂಬರ್‌ನಲ್ಲಿ ಮಗಳ ಹತ್ತಿರ ಕೇಳಿ ಖಾತೆಗೆ ತುಂಬಿದೆ. ಕೊಟ್ಟ ಮಗಳ ಮನೆಯಲ್ಲಿ ದುಡ್ಡಿಗೆ ಕೈಚಾಚುವುದು ನನಗೆ ಎಷ್ಟು ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ತಿಂಗಳು ಕೇಳಲಿಲ್ಲ. ಖಾತೆಯಲ್ಲಿ ಹಣ ಸಾಲದೆ ಕಂತು ವಾಪಸ್ ಹೋಯಿತು, ಬ್ಯಾಂಕಿನವರು 590 ರೂಪಾಯಿ ದಂಡ ಹಿಡಿದಿದ್ದಾರೆ. ಅದನ್ನು ಈ ಸಲ ನಿಮ್ಮ ಲೆಕ್ಕಕ್ಕೆ ಸೇರಿಸಿಲ್ಲ.

ನಿಮ್ಮ ಮನೆಯ ಖರ್ಚಿನಲ್ಲಿ ಮೂಗು ತೂರಿಸುವುದು ನನ್ನ ಕೆಲಸವಲ್ಲ. ಆಯುಧಪೂಜೆ ದಿನ ಹೊಸ ಬೈಕಿಗೆ ಬೂದುಗುಂಬಳಕಾಯಿ ಒಡೆದಿರಿ, ನಮಗೂ ಕಡ್ಲೆಪುರಿ ಬಂತು, ಸಂತೋಷವೇ. ವಸಂತನರಸಾಪುರದವರೆಗೆ ದಿನಾ ಬಸ್ಸಿನಲ್ಲಿ ಓಡಾಡುವ ಕಷ್ಟ ನನಗೆ ಗೊತ್ತು. ಆ ಬೈಕಿನ ಕಂತು ತಪ್ಪದ ಹಾಗೆ ನೋಡಿಕೊಳ್ಳುತ್ತೀರಲ್ಲ, ಅಷ್ಟೇ ನಿಗಾ ಬಾಡಿಗೆಯ ಮೇಲೂ ಇರಲಿ ಅಂತ ಕೇಳುತ್ತಿದ್ದೇನೆ.

ಇನ್ನು ಅಡ್ವಾನ್ಸ್ ಮಾತು. ಮೊನ್ನೆ ನಿಮ್ಮ ಮನೆಯವರು ನಮ್ಮವಳ ಹತ್ತಿರ, 'ಆಂಟಿ, ಬೇಕಾದರೆ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ' ಅಂದರಂತೆ. ಬೇಸರದಲ್ಲಿ ಅಂದಿರಬಹುದು, ತಪ್ಪು ತಿಳಿದಿಲ್ಲ. ಆದರೆ ಆ ದಾರಿ ಬೇಡ. 75,000 ಅಡ್ವಾನ್ಸ್ ಇರುವುದು ನೀವು ಮನೆ ಬಿಡುವ ದಿನಕ್ಕೆ. ಆಗ ಸುಣ್ಣಬಣ್ಣ, ಮುರಿದದ್ದು ಕೆಟ್ಟದ್ದು ಏನಾದರೂ ಇದ್ದರೆ ಅದರ ಖರ್ಚು, ಉಳಿದ ಬಿಲ್ಲು ಎಲ್ಲ ಕಳೆದು ಮಿಕ್ಕಿದ್ದನ್ನು ನಿಮ್ಮ ಕೈಗೆ ಎಣಿಸಿಕೊಡಬೇಕು. ತಿಂಗಳು ತಿಂಗಳು ಅದರಲ್ಲೇ ಮುರಿದುಕೊಳ್ಳುತ್ತಾ ಹೋದರೆ ಆ ದಿನ ನನ್ನ ಕೈಯಲ್ಲೂ ಏನೂ ಇರುವುದಿಲ್ಲ, ಇನ್ನೊಂದು ಮನೆಗೆ ಅಡ್ವಾನ್ಸ್ ಕೊಡಲು ನಿಮ್ಮ ಕೈಯಲ್ಲೂ ಇರುವುದಿಲ್ಲ. ಕರಾರಿನ 4ನೇ ಕಲಮಿನಲ್ಲಿ ಅಡ್ವಾನ್ಸನ್ನು ಬಾಡಿಗೆಗೆ ವಜಾ ಮಾಡಿಕೊಳ್ಳುವಂತಿಲ್ಲ ಅಂತ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಅಡ್ವಾನ್ಸ್ ಹಣವನ್ನು ನಾನು ಖರ್ಚು ಮಾಡಿಲ್ಲ. ಠೇವಣಿಯಲ್ಲಿ ಬೇರೆಯಾಗಿಯೇ ಇಟ್ಟಿದ್ದೇನೆ, ಮುಟ್ಟುವುದೂ ಇಲ್ಲ.

ನೀವು ಒಳ್ಳೆಯ ಬಾಡಿಗೆದಾರರು, ಇದನ್ನು ಬಾಯುಪಚಾರಕ್ಕೆ ಹೇಳುತ್ತಿಲ್ಲ. ಮನೆಯನ್ನು ಸ್ವಂತದ್ದರ ಹಾಗೆ ಇಟ್ಟುಕೊಂಡಿದ್ದೀರಿ. ಹೋದ ಬೇಸಿಗೆಯಲ್ಲಿ ನಮ್ಮವಳಿಗೆ ರಾತ್ರಿ ಹೊತ್ತು ಉಬ್ಬಸ ಹೆಚ್ಚಾದಾಗ ಆಟೊ ಹುಡುಕಿ ತಂದು ಆಸ್ಪತ್ರೆಗೆ ಜೊತೆಗೆ ಬಂದವರು ನೀವು. ಅದನ್ನು ನಾವಿಬ್ಬರೂ ಮರೆತಿಲ್ಲ. ನಾನೂ ನನ್ನ ಕೈಲಾದದ್ದು ಮಾಡಿದ್ದೇನೆ ಅಂದುಕೊಂಡಿದ್ದೇನೆ. ಬುಗುಡನಹಳ್ಳಿ ಕಡೆಯಿಂದ ನೀರು ಬರುವುದು ತಡವಾದಾಗ ತರಿಸಿದ ಟ್ಯಾಂಕರಿಗೆ ನಿಮ್ಮಿಂದ ಪಾಲು ಕೇಳಲಿಲ್ಲ. ಆಫೀಸಿಗೆ ಬಾಡಿಗೆ ರಸೀದಿ ಬೇಕೆಂದಾಗ ಪ್ಯಾನ್ ನಂಬರ್ ಸಮೇತ ಬರೆದುಕೊಟ್ಟೆ. ಎಷ್ಟೋ ಮಾಲೀಕರು ಅದಕ್ಕೆ ಒಪ್ಪುವುದಿಲ್ಲ ಅಂತ ನಿಮಗೂ ಗೊತ್ತು. ಉಪಕಾರಕ್ಕೆ ಉಪಕಾರ ನಡೆದಿದೆ, ಮುಂದೂ ನಡೆಯಲಿ. ಬಾಡಿಗೆಯ ಲೆಕ್ಕ ಮಾತ್ರ ಬೇರೆಯೇ ಇರಲಿ.

ಈಗ ಆಗಬೇಕಾದದ್ದು ಹೇಳುತ್ತೇನೆ. ಇದೇ 18ನೇ ತಾರೀಖು ಶನಿವಾರ ಸಂಜೆಯೊಳಗೆ 12,050 ರೂಪಾಯಿ ಪೂರ್ತಿ ಕೊಡಬೇಕು. ಒಟ್ಟಿಗೆ ಆಗುವುದೇ ಇಲ್ಲ ಅನ್ನುವ ಹಾಗಿದ್ದರೆ ಶನಿವಾರ 7,000, ಮುಂದಿನ ಶನಿವಾರ 25ಕ್ಕೆ 5,050 ಕೊಡಿ. ಈ ಎರಡು ಕಂತಿನ ಅನುಕೂಲ ಈ ತಿಂಗಳಿಗೆ ಮಾತ್ರ. ಅದು ಬೇಕಿದ್ದರೆ ಗುರುವಾರ ರಾತ್ರಿಯೊಳಗೆ ಕೆಳಗೆ ಬಂದು ಒಂದು ಮಾತು ಹೇಳಿ. ನಾನು ಒಂಬತ್ತೂವರೆವರೆಗೆ ಎದ್ದಿರುತ್ತೇನೆ. ಹೇಳದೆ ಇದ್ದರೆ ಶನಿವಾರವೇ ಪೂರ್ತಿ ಬರುತ್ತದೆ ಅಂತ ತಿಳಿದುಕೊಳ್ಳುತ್ತೇನೆ.

ಮುಂದಿನ ತಿಂಗಳುಗಳಿಗೆ ನನ್ನದೇ ಒಂದು ಸಲಹೆ ಇದೆ. ನಿಮ್ಮ ಫ್ಯಾಕ್ಟರಿಯಲ್ಲಿ ಈಗ ಸಂಬಳ 1ಕ್ಕೆ ಆಗುತ್ತಿಲ್ಲ, 7ಕ್ಕೆ ಹೋಗಿದೆ ಅಂತ ಕೇಳಿದೆ. ಹಾಗಿದ್ದರೆ 5ನೇ ತಾರೀಖನ್ನು ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ನವೆಂಬರ್‌ನಿಂದ 9ನೇ ತಾರೀಖಿನ ಸಂಜೆಯೊಳಗೆ ಕೊಡಿ, ಕರಾರಿನ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡೋಣ. ಅದಕ್ಕಿಂತ ಆಚೆಗೆ ಒಂದು ದಿನವೂ ನನ್ನಿಂದಾಗದು, 10ಕ್ಕೆ ಬ್ಯಾಂಕಿನವರು ಕಾಯುವುದಿಲ್ಲ. ತುಂಡು ತುಂಡಾಗಿ ಬೇಡ, ಪೂರ್ತಿ ಒಂದೇ ಸಲ ಬರಲಿ. ಯಾವುದೋ ತಿಂಗಳು ನಿಜವಾಗಿ ಕಷ್ಟವಾದರೆ 5ನೇ ತಾರೀಖಿನೊಳಗೇ ತಿಳಿಸಿ. ಮುಂಚೆ ಗೊತ್ತಾದರೆ ಏನಾದರೂ ದಾರಿ ಮಾಡಿಕೊಳ್ಳಬಹುದು. ಹತ್ತು ಕಳೆದ ಮೇಲೆ, 'ನಾಳೆ ಹಾಕ್ತೀನಿ ಸಾರ್' ಅನ್ನುವ ಮಾತು ಇನ್ನು ಬೇಡ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಮುಚ್ಚಿಡುವುದು ಸರಿಯಲ್ಲ. ನವೆಂಬರ್ 9 ದಾಟಿದರೆ ಕರಾರಿನ 5ನೇ ಕಲಮಿನಂತೆ ದಿನಕ್ಕೆ 50 ರೂಪಾಯಿ ತಡದ ಶುಲ್ಕ ಲೆಕ್ಕ ಹಾಕುತ್ತೇನೆ, ಕಂತು ವಾಪಸಾದರೆ ಬ್ಯಾಂಕಿನ ದಂಡವನ್ನೂ ನಿಮ್ಮಿಂದಲೇ ಕೇಳುತ್ತೇನೆ. ಸತತ ಎರಡು ತಿಂಗಳು ಬಾಡಿಗೆ ತಪ್ಪಿದರೆ ಒಂದು ತಿಂಗಳ ನೋಟಿಸ್ ಕೊಟ್ಟು ಮನೆ ಖಾಲಿ ಮಾಡಿಸಿಕೊಳ್ಳಬಹುದು ಅಂತ 9ನೇ ಕಲಮು ಇದೆ. ಈ ಕಾಗದ ಆ ನೋಟಿಸ್ ಅಲ್ಲ. ಸೆಪ್ಟೆಂಬರ್, ಅಕ್ಟೋಬರ್ ಎರಡನ್ನೂ ಆ ಲೆಕ್ಕಕ್ಕೆ ತರದೆ ಬಿಟ್ಟಿದ್ದೇನೆ. ನವೆಂಬರ್‌ನಲ್ಲೂ ಹೀಗೇ ಆದರೆ ಬಿಡುವುದಿಲ್ಲ, ನೋಟಿಸ್ ಕೊಡುತ್ತೇನೆ. ಹೇಗಿದ್ದರೂ ಈ ಕರಾರು 2026ರ ಜನವರಿ 31ಕ್ಕೆ ಮುಗಿಯುತ್ತದೆ. ಅದನ್ನು ಇನ್ನೂ ಹನ್ನೊಂದು ತಿಂಗಳಿಗೆ ಮುಂದುವರಿಸುವುದು ನನ್ನ ಇಷ್ಟ, ನಿಮಗೂ ಇಷ್ಟವಿರಬಹುದು. ಮಗಳ ಸ್ಕೂಲು ಇಲ್ಲೇ ನಡೆದುಹೋಗುವಷ್ಟು ಹತ್ತಿರ. ಆ ತೀರ್ಮಾನ ನವೆಂಬರ್, ಡಿಸೆಂಬರ್, ಜನವರಿ ಈ ಮೂರು ತಿಂಗಳ ಬಾಡಿಗೆ ಹೇಗೆ ಬರುತ್ತದೆ ಅನ್ನುವುದರ ಮೇಲಿದೆ.

ಒಂದು ವಿಷಯದಲ್ಲಿ ನೀವು ನಿಶ್ಚಿಂತೆಯಾಗಿರಿ. ಮೋಟರ್ ನಿಲ್ಲಿಸುವುದು, ಗೇಟಿಗೆ ಬೀಗ ಹಾಕುವುದು, ಅಕ್ಕಪಕ್ಕದವರ ಮುಂದೆ ಎತ್ತಿ ಆಡುವುದು, ಇಂಥ ಕೆಲಸಕ್ಕೆ ನಾನು ಕೈಹಾಕುವವನಲ್ಲ. ಈ ಕಾಗದದ ವಿಷಯ ನಮ್ಮ ನಿಮ್ಮ ಎರಡು ಮನೆಯೊಳಗೇ ಇರುತ್ತದೆ. ಮುಂದಿನ ವಾರ ದೀಪಾವಳಿ. ಮಗು ಎಂದಿನ ಹಾಗೆ ಟೆರೇಸಿನಲ್ಲೇ ಪಟಾಕಿ ಹಚ್ಚಲಿ, ಸಿಂಟೆಕ್ಸ್ ಟ್ಯಾಂಕಿನಿಂದ ಸ್ವಲ್ಪ ದೂರದಲ್ಲಿ.

ಹಣವನ್ನು ಫೋನ್‌ಪೇಗೆ ಹಾಕಬೇಡಿ. ನಾನು ಆ ನಂಬರನ್ನು ಮಗನ ಖಾತೆಗೆ ಜೋಡಿಸಿದ್ದೇನೆ, ಅಲ್ಲಿಂದ ಸಾಲದ ಖಾತೆಗೆ ಬರುವುದಕ್ಕೆ ಮತ್ತೆ ಎರಡು ದಿನ ಹೋಗುತ್ತದೆ. ಕರಾರಿನ ಕೊನೇ ಪುಟದಲ್ಲಿರುವ ಬ್ಯಾಂಕ್ ಖಾತೆಗೆ ನೇರವಾಗಿ ಹಾಕಿ, ಇಲ್ಲವಾದರೆ ಕೈಗೇ ಕೊಡಿ. ಕೈಗೆ ಕೊಟ್ಟರೆ ಆಗಿಂದಾಗಲೇ ರಸೀದಿ ಬರೆದುಕೊಡುತ್ತೇನೆ. ಈ ಕಾಗದದ ಎರಡನೇ ಪ್ರತಿಯ ಮೇಲೆ 'ತಲುಪಿದೆ' ಅಂತ ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ವಾಪಸ್ ಕಳಿಸಿ.

ಇತಿ ನಿಮ್ಮ ವಿಶ್ವಾಸಿ,
ನಾಗರಾಜಯ್ಯ
ಕೆಳಗಿನ ಮನೆ